ಹುಲ್ಲು ಇಳಿಸಿದ ದಿನದ ಜ್ವರ

ಪ್ರಶ್ನೆ: ಶಿರಸಿ ಕಡೆ ನಮ್ಮದು ನಾಲ್ಕು ಹಸುವಿನ ಕೊಟ್ಟಿಗೆ. ಅಟ್ಟದಿಂದ ಒಣಹುಲ್ಲು ಇಳಿಸಿದ ದಿನ ಸಂಜೆ ಚಳಿ ಜ್ವರ, ದಮ್ಮು. ಧೂಳಿನ ಅಲರ್ಜಿಯಾ? ಯಾವ ಮಾಸ್ಕ್ ತಗೊಳ್ಳಲಿ?

ಸಂಜೆ ಅಂದ್ರಲ್ಲ, ಮುಖ್ಯ ಅದೇ. ನಾನು ಮೂರು ಮಳೆಗಾಲ ಹೀಗೇ ಕಳೆದೆ.

ಮುಂಡಗೋಡ ಕಡೆಯಿಂದ ಒಂದು ಲೋಡು ಹುಲ್ಲು ತರಿಸಿದ್ದೆ. ದಾರಿಯಲ್ಲಿ ಮಳೆ ಸಿಕ್ಕಿತು. ಒಣಗಿಸದೆ ಹಾಗೇ ಅಟ್ಟಕ್ಕೆ ಒಟ್ಟಿದೆವು. ಒದ್ದೆ ಹುಲ್ಲು ರಾಶಿಯೊಳಗೆ ಬಿಸಿಯಾಗುತ್ತದೆ. ಆ ಬಿಸಿಯಲ್ಲೇ ಬೆಳೆಯುವ ಬ್ಯಾಕ್ಟೀರಿಯಾ ಇವೆ, ಜೊತೆಗೆ ಬೂಸ್ಟು. ಆಮೇಲೆ ಕಂತೆ ಕೊಡವಿದರೆ ಏಳುವ ಬಿಳಿ ಧೂಳಿನಲ್ಲಿ ಅವುಗಳ ಸಣ್ಣ ಕಣ ತುಂಬಿರುತ್ತವೆ. ಬೆಳಿಗ್ಗೆ ಹತ್ತಕ್ಕೆ ಇಳಿಸಿದರೆ ಸಂಜೆ ನಾಲ್ಕರ ಹೊತ್ತಿಗೆ ನನಗೆ ನಡುಕ, ಜ್ವರ, ಒಣಕೆಮ್ಮು. ಎರಡು ದಿನಕ್ಕೆ ತಾನಾಗಿ ಇಳಿಯುತ್ತಿತ್ತು.

ನನ್ನ ತಪ್ಪು ಇದು: ಡಾಕ್ಟರ ಹತ್ತಿರ ಸಂಜೆಯದ್ದನ್ನು ಮಾತ್ರ ಹೇಳುತ್ತಿದ್ದೆ, ಬೆಳಗಿನದ್ದನ್ನು ಹೇಳಲೇ ಇಲ್ಲ. "ಏನು ಕೆಲಸ?" ಅಂದರೆ "ಅಡಿಕೆ ತೋಟ" ಅನ್ನುತ್ತಿದ್ದೆ. ಹುಲ್ಲು ಇಳಿಸುವುದನ್ನು ಯಾರಾದರೂ ಕೆಲಸ ಅಂತ ಹೇಳ್ತಾರಾ? ಧೂಳು ಕುಡಿದು ಆರು ಗಂಟೆ ಬಿಟ್ಟು ಜ್ವರ ಬಂದಿದ್ದರಿಂದ ಎರಡನ್ನೂ ನಾನು ಜೋಡಿಸಿಯೇ ನೋಡಲಿಲ್ಲ. ಒಮ್ಮೆ ವೈರಲ್ ಅಂದರು, ಒಮ್ಮೆ ನ್ಯುಮೋನಿಯಾ. ಕಫ ಪರೀಕ್ಷೆಯಲ್ಲಿ ಟಿಬಿ ಇರಲಿಲ್ಲ. ದಮ್ಮಿಗೆ ಇನ್ಹೇಲರ್ ಕೊಟ್ಟರು, ಪ್ರಯೋಜನ ಆಗಲಿಲ್ಲ.

ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ಶ್ವಾಸಕೋಶದ ಡಾಕ್ಟರ್ ಮೊದಲು ಕೇಳಿದ್ದು, ಕಲ್ಲು ಕ್ವಾರಿಯಲ್ಲಿ ಇದ್ರಾ ಅಂತ. ಕಲ್ಲಿನ ಧೂಳಿನ ಸಿಲಿಕೋಸಿಸ್ ಸಾಮಾನ್ಯವಾಗಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ, ಹೀಗೆ ಸಂಜೆ ಜ್ವರ ಬಂದು ಹೋಗುವುದಿಲ್ಲ. ಅವರ ಮುಂದಿನ ಪ್ರಶ್ನೆ: "ಜ್ವರ ಬಂದ ದಿನ ಬೆಳಿಗ್ಗೆ ಏನು ಮಾಡಿದ್ರಿ?" ಆಗ ಹುಲ್ಲಿನ ವಿಷಯ ಹೊರಬಂತು. ಸಿಟಿ ಸ್ಕ್ಯಾನಿನಲ್ಲಿ ಎರಡೂ ಕಡೆ ಮಂಜು ಕವಿದ ಹಾಗೆ ಇತ್ತು. ಊದಿಸಿ ನೋಡಿದಾಗ ಉಸಿರಿನ ಕೊಳವೆ ಕಟ್ಟಿರಲಿಲ್ಲ, ಶ್ವಾಸಕೋಶ ಹಿಡಿಯುವ ಗಾಳಿಯೇ ಕಡಿಮೆಯಾಗಿತ್ತು. ಇದಕ್ಕೆ ಫಾರ್ಮರ್ಸ್ ಲಂಗ್ ಅಂತ ಹೆಸರು. ಕೆಲವು ವಾರ ಸ್ಟೀರಾಯ್ಡ್ ಕೊಟ್ಟರು, ಜ್ವರ ನಿಂತಿತು. ಆದರೆ ಒಳಗೆ ಗಾಯದ ಕಲೆ ಉಳಿದಿದೆ. ತೋಟದಿಂದ ಮನೆಗೆ ಏರುವಾಗ ಈಗಲೂ ಎರಡು ಕಡೆ ನಿಲ್ಲುತ್ತೇನೆ.

ಅದಕ್ಕೇ ಹೇಳ್ತೇನೆ, ಮಾಸ್ಕ್‌ನಿಂದ ಶುರು ಮಾಡಬೇಡಿ. ಟವೆಲ್ ಕಟ್ಟಿದರೆ ಈ ಕಣ ನಿಲ್ಲುವುದಿಲ್ಲ. ಎನ್95 ಧೂಳು ಕಡಿಮೆ ಮಾಡುತ್ತದೆ ನಿಜ, ಆದರೆ ಮೈಗೆ ಒಮ್ಮೆ ಇದು ಹತ್ತಿದ ಮೇಲೆ ಸ್ವಲ್ಪ ಧೂಳೂ ಸಾಕು. ಅಟ್ಟಕ್ಕೆ ನೀವು ಹತ್ತುವುದನ್ನೇ ನಿಲ್ಲಿಸಿ. ಬೇರೆಯವರು ಇಳಿಸುವಾಗಲೂ ಕೊಟ್ಟಿಗೆಯಲ್ಲಿ ಇರಬೇಡಿ. ಅವರು ಎನ್95 ಹಾಕಲಿ, ಕೊಡವುವ ಮೊದಲು ಕಂತೆಗೆ ನೀರು ಚಿಮುಕಿಸಲಿ, ಆ ಹುಲ್ಲು ಅವತ್ತೇ ಹಾಕಿ ಮುಗಿಸಲಿ. ಹೊಸ ಹುಲ್ಲನ್ನು ಮಳೆಗೆ ಮೊದಲೇ ತಂದು ಪೂರ್ತಿ ಒಣಗಿಸಿ ಒಟ್ಟಿ. ವಾರ ಬಿಟ್ಟು ರಾಶಿಯೊಳಗೆ ಕೈ ಹಾಕಿಸಿ ನೋಡಿ. ಬೆಚ್ಚಗಿದ್ದರೆ ಬಿಚ್ಚಿ ಹರವಬೇಕು.

ಜ್ವರ ಬಂದ ತಾರೀಕು, ಹುಲ್ಲು ಇಳಿಸಿದ ತಾರೀಕು, ಎರಡನ್ನೂ ಗಂಟೆ ಸಮೇತ ಒಂದೇ ಚೀಟಿಯಲ್ಲಿ ಬರೆದುಕೊಂಡು ಈ ವಾರವೇ ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿ.