ಉದ್ರಿಗೂ ಕ್ರೆಡಿಟ್, ಜಮಾಕ್ಕೂ ಕ್ರೆಡಿಟ್

*ಓದುಗರ ಪತ್ರ:* ಹುಬ್ಬಳ್ಳಿಯಲ್ಲಿ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ ನಮ್ಮದು. ನನ್ನ ತಂಡದಲ್ಲಿ ಒಂಬತ್ತು ಜನ. ಆರು ಜನ ಕನ್ನಡದವರು, ಬೆಳಗಾವಿಯ ಮರಾಠಿಯವರೊಬ್ಬರು, ಪ್ರೋಗ್ರಾಮರ್ ಮಲಯಾಳಿ, ಟೆಸ್ಟಿಂಗ್ ಮಾಡುವವರು ಬಂಗಾಳದವರು. ಮೀಟಿಂಗ್ ಇಂಗ್ಲಿಷ್‌ನಲ್ಲಿ ಶುರುವಾಗಿ ಮುಖ್ಯ ವಿಷಯ ಬಂದಕೂಡಲೇ ಕನ್ನಡಕ್ಕೆ ಜಾರುತ್ತದೆ. ಆಗ ಟೆಸ್ಟರ್ ಸುಮ್ಮನೆ ಕೂರುತ್ತಾರೆ. ಇಂಗ್ಲಿಷ್ ಕಡ್ಡಾಯ ಮಾಡಿದೆ. ಈಗ ಅಂಗಡಿಗಳಿಗೆ ಓಡಾಡುವ ನಮ್ಮ ಇಬ್ಬರು ಹುಡುಗರು ಬಾಯಿ ಬಿಡುತ್ತಿಲ್ಲ. 'ಎಲ್ಲರೂ ಹಿಂದಿ ಮಾತಾಡೋಣ' ಎನ್ನುವವರೂ ಇದ್ದಾರೆ. ಯಾವ ಭಾಷೆ ಇಡಬೇಕು, ಹೇಳಿ. — ಹೆಸರು ಬೇಡ, ಹುಬ್ಬಳ್ಳಿ

*ಸಂಪಾದಕರ ಉತ್ತರ:* ಪತ್ರ ಓದಿದ ಮೇಲೆ ನಿಮಗೆ ಫೋನ್ ಮಾಡಿದ್ದೆನಲ್ಲ, ಆಗ ನಗುತ್ತಾ ಒಂದು ಪ್ರಸಂಗ ಹೇಳಿದಿರಿ. ನಿಮ್ಮ ಉತ್ತರ ಅದರೊಳಗೇ ಇದೆ. ನಿಮ್ಮ ಒಪ್ಪಿಗೆ ಪಡೆದು ಉಳಿದ ಓದುಗರಿಗೂ ಹೇಳುತ್ತೇನೆ.

ರಾಣೆಬೆನ್ನೂರಿನ ಕಿರಾಣಿ ಅಂಗಡಿಯೊಂದರಲ್ಲಿ ಖಾತೆ ಗಿರಾಕಿಯೊಬ್ಬರ ಉದ್ರಿ ಬಿಲ್ಲು 1,247 ರೂಪಾಯಿ 40 ಪೈಸೆ ಆಗಿತ್ತು. ತಿಂಗಳ ಕೊನೆಗೆ ಅವರು 1,247 ಕೊಟ್ಟರು. 'ಚಿಲ್ಲರೆ ಇರಲಿ ಬಿಡ್ರಿ' ಅಂದರು ಅಂಗಡಿಯವರು. ಆದರೆ ಸಾಫ್ಟ್‌ವೇರ್ ಬಿಡಲಿಲ್ಲ. ಮರುದಿನ ಗಿರಾಕಿಯ ಮೊಬೈಲಿಗೆ 'ನಿಮ್ಮ ಬಾಕಿ ರೂ. 0.40' ಎಂದು ಮೆಸೇಜ್ ಹೋಯಿತು. 'ನಲವತ್ತು ಪೈಸೆಗೆ ಮಾನ ಕಳೀತೀರೇನು' ಎಂದು ಆ ಮನುಷ್ಯ ಅಂಗಡಿಗೆ ಬಂದು ಜಗಳ ತೆಗೆದ. ನಿಮ್ಮ ಹುಡುಗ ಇದನ್ನೆಲ್ಲ ಮೀಟಿಂಗ್‌ನಲ್ಲಿ ಕನ್ನಡದಲ್ಲಿ ಅಭಿನಯ ಸಮೇತ ಹೇಳಿದ. ಎಲ್ಲರೂ ನಕ್ಕರು. ಕೊನೆಗೆ ಯಾರೋ ಟೆಸ್ಟರ್ ಕಡೆ ತಿರುಗಿ 'ಕ್ರೆಡಿಟ್‌ನಲ್ಲಿ ರೌಂಡಿಂಗ್ ಇಷ್ಯೂ' ಎಂದು ಇಂಗ್ಲಿಷ್‌ನಲ್ಲಿ ಒಂದೇ ಸಾಲು ಹೇಳಿದರು. ಅವರು ಪಾಪ ಎರಡು ದಿನ ಕ್ರೆಡಿಟ್ ಕಾರ್ಡ್ ಪಾವತಿಯನ್ನು ಟೆಸ್ಟ್ ಮಾಡಿ, 'ತಪ್ಪೇನೂ ಸಿಗಲಿಲ್ಲ' ಎಂದು ಬರೆದರು.

ಇದರಲ್ಲಿ ಟೆಸ್ಟರ್ ತಪ್ಪಿಲ್ಲ, ಕನ್ನಡ ಮಾತಾಡಿದ ಹುಡುಗನ ತಪ್ಪೂ ಇಲ್ಲ. ಎರಡು ನಿಮಿಷದ ಕಥೆಯನ್ನು ನಾಲ್ಕು ಪದಕ್ಕೆ ಇಳಿಸಿದ್ದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಉದ್ರಿಯನ್ನು ಕ್ರೆಡಿಟ್ ಮಾಡಿದ್ದು. ಸ್ವಲ್ಪ ಯೋಚಿಸಿ. ಸಾಮಾನು ಕೊಟ್ಟು ದುಡ್ಡು ಆಮೇಲೆ ತಗೊಂಡರೆ ಅದು ಉದ್ರಿ. ಗಿರಾಕಿ ದುಡ್ಡು ಕೊಟ್ಟು ಅದು ಖಾತೆಗೆ ಸೇರಿದರೆ ಜಮಾ. ಒಂದು ಗಿರಾಕಿಯ ಸಾಲ ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಕ್ರೆಡಿಟ್ ಎನ್ನುವುದುಂಟು, ಕಾರ್ಡಿನ ಹೆಸರಲ್ಲೂ ಅದೇ ಪದ. ಎಲ್ಲರಿಗೂ ಅರ್ಥವಾಗಲಿ ಎಂದು ಇಂಗ್ಲಿಷ್‌ಗೆ ಹೋದಿರಿ, ಅಲ್ಲಿ ಯಾರಿಗೂ ಅರ್ಥವಾಗದ ಪದ ಕೈಗೆ ಬಂತು.

ಇನ್ನೊಂದು ತಮಾಷೆ ಇದೆ. ಅಂಗಡಿ ಲೆಕ್ಕದ ನಮ್ಮ ಪದಗಳು ನಮ್ಮವು ಮಾತ್ರ ಅಲ್ಲ. ಜಮಾ ಮರಾಠಿಯಲ್ಲೂ ಇದೆ, ಬಂಗಾಳಿಯಲ್ಲೂ 'ಜೊಮಾ' ಇದೆ. ಉದ್ರಿ ಅಂದರೆ ಬೆಳಗಾವಿಯವರಿಗೆ ಉಧಾರಿ ನೆನಪಾಗದೆ ಇರದು. ನಿಮ್ಮ ಟೆಸ್ಟರ್ ಅವರಿಗೆ 'ಜಮಾ ಆದಮೇಲೂ ಬಾಕಿ ತೋರಿಸ್ತಿದೆ' ಎಂದು ಬರಿಗನ್ನಡದಲ್ಲಿ ಹೇಳಿದ್ದರೂ, ಆ ಇಂಗ್ಲಿಷ್ ಸಾಲಿಗಿಂತ ಹೆಚ್ಚು ಅರ್ಥವಾಗುತ್ತಿತ್ತೇನೋ. ಹಾಗಂತ ನಂಬಿ ಕೂರಬೇಡಿ. ಬಾಕಿ ಎಂಬ ಪದ ಮೋಸಗಾರ. ನಮಗೆ ಬಾಕಿ ಅಂದರೆ ಗಿರಾಕಿ ಕೊಡಬೇಕಾದ್ದು. ಮಲಯಾಳದಲ್ಲಿ ಅಂಗಡಿ ಮುಂದೆ ನಿಂತು 'ಬಾಕಿ ಕೊಡಿ' ಅಂದರೆ, ವಾಪಸ್ ಬರಬೇಕಾದ ಚಿಲ್ಲರೆ ಕೊಡಿ ಎಂಬ ಅರ್ಥವೂ ಉಂಟು. ದುಡ್ಡು ಹೋಗುವ ದಿಕ್ಕೇ ಉಲ್ಟಾ. ಬೆಳಗಾವಿಯವರಿಗೂ ಬಂಗಾಳದವರಿಗೂ ತೊಂದರೆ ಕೊಡದ ಪದ ಮಲಯಾಳಿ ಪ್ರೋಗ್ರಾಮರನ್ನು ದಾರಿ ತಪ್ಪಿಸಬಹುದು.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಪದಗಳ ಪಟ್ಟಿ. ನಿಮ್ಮಂಥ ಕೆಲಸಕ್ಕೆ ಇಪ್ಪತ್ತು ಪದ ಸಾಕು: ಉದ್ರಿ, ಜಮಾ, ಬಾಕಿ, ಮುಂಗಡ, ವಾಪಸ್ ಇತ್ಯಾದಿ. ಪ್ರತಿ ಪದದ ಮುಂದೆ ಅರ್ಥ ಬರೆಯಬೇಡಿ, ಒಂದು ಬಿಲ್ಲಿನ ಫೋಟೋ ಅಂಟಿಸಿ ಆ ಮೊತ್ತಕ್ಕೆ ಸುತ್ತು ಹಾಕಿ. ಅಂಕಿಯನ್ನು ಎಲ್ಲರೂ ಓದುತ್ತಾರೆ. ಆಮೇಲೆ ಉದ್ರಿಗೆ ಯಾವ ಭಾಷೆಯ ವಾಕ್ಯದಲ್ಲೂ ಉದ್ರಿ ಎಂದೇ ಹೇಳಿ. ಟೆಸ್ಟರ್ ಇಂಗ್ಲಿಷ್‌ನಲ್ಲಿ ರಿಪೋರ್ಟ್ ಬರೆಯುವಾಗಲೂ ಅದೇ ಪದ ಇರಲಿ.

ಎರಡನೆಯದಾಗಿ, 'ಯಾರಿಗೆ ಯಾವ ಭಾಷೆ ಬರುತ್ತೆ' ಎಂಬ ಪ್ರಶ್ನೆಯನ್ನು ಬಿಡಿಸಿ ಕೇಳಿ. ಕೇಳಿದರೆ ತಿಳಿಯುವುದು, ಮಾತಾಡುವುದು, ಓದುವುದು, ಬರೆಯುವುದು, ಈ ನಾಲ್ಕೂ ಬೇರೆಬೇರೆ. ಒಂದು ಹಾಳೆ ತಗೊಂಡು ಒಂಬತ್ತು ಹೆಸರು ಬರೆದು, ಪ್ರತಿ ಭಾಷೆಗೂ ನಾಲ್ಕು ಮನೆ ಹಾಕಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ, ಎಲ್ಲರ ಮುಂದೆ ಬೇಡ. 'ಇಂಗ್ಲಿಷ್ ಬರುತ್ತಾ' ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. 'ಮೊನ್ನೆಯ ಗಿರಾಕಿ ಜಗಳವನ್ನು ಇಂಗ್ಲಿಷ್‌ನಲ್ಲಿ ಬರೆದು ಕಳಿಸ್ತೀಯಾ, ಇಲ್ಲ ಕನ್ನಡದಲ್ಲಿ ಹೇಳ್ತೀಯಾ' ಎಂದು ಕೇಳಿದರೆ ನಿಜ ಹೊರಬರುತ್ತದೆ.

ಫೋನಿನಲ್ಲಿ ನೀವು ಹೇಳಿದ್ದನ್ನೇ ಈ ಹಾಳೆಗೆ ಇಳಿಸಿ ನೋಡಿದೆ. ಅಂಗಡಿಗೆ ಹೋಗುವ ಇಬ್ಬರಿಗೆ ಇಂಗ್ಲಿಷ್ ಕೇಳಿದರೆ ಮುಕ್ಕಾಲು ತಿಳಿಯುತ್ತದೆ, ಮಾತಾಡಲು ನಾಲಿಗೆ ಏಳುವುದಿಲ್ಲ. ಬೆಳಗಾವಿಯವರಿಗೆ ಕನ್ನಡ ಸಲೀಸು. ಪ್ರೋಗ್ರಾಮರ್ ನಾಲ್ಕು ವರ್ಷದಿಂದ ಹುಬ್ಬಳ್ಳಿಯಲ್ಲಿದ್ದಾರೆ, ಕನ್ನಡ ಕೇಳಿದರೆ ಗೊತ್ತಾಗುತ್ತದೆ, ಉತ್ತರ ಇಂಗ್ಲಿಷ್‌ನಲ್ಲಿ ಕೊಡುತ್ತಾರೆ. ಅಂದರೆ ಕನ್ನಡ ಪೂರ್ತಿ ತಿಳಿಯದೆ ಹೊರಗುಳಿಯುವವರು ಒಂಬತ್ತರಲ್ಲಿ ಒಬ್ಬರೇ. ಇಂಗ್ಲಿಷ್ ಕಡ್ಡಾಯ ಮಾಡಿದಾಗ ಬಾಯಿ ಕಟ್ಟಿದ್ದು ಇಬ್ಬರಿಗೆ, ಅದೂ ಗಿರಾಕಿಯನ್ನು ಕಣ್ಣಾರೆ ನೋಡಿ ಬರುವ ಇಬ್ಬರಿಗೆ. ಹಿಂದಿ ಹಾಕಿದರೆ? ಆರು ಕನ್ನಡಿಗರಲ್ಲಿ ಮೂವರದ್ದು ಸಿನಿಮಾ ಹಿಂದಿ ಅಂದಿರಿ. ಪ್ರೋಗ್ರಾಮರ್ ಹಿಂದಿಯೂ ಅಷ್ಟಕ್ಕಷ್ಟೇ. ಟೀ ತರಿಸಲು ಆ ಹಿಂದಿ ಸಾಕು. 'ಈ ತೇದಿಯೊಳಗೆ ಆಗಲ್ಲ, ಕಾರಣ ಇಷ್ಟು' ಎಂದು ವಾದ ಮಾಡಲು ಸಾಲದು. ಒಬ್ಬರ ಕಷ್ಟ ಹೋಗಿ ನಾಲ್ವರಿಗೆ ಬರುತ್ತದೆ. ನಾನಾದರೆ ಒಪ್ಪುವುದಿಲ್ಲ.

ನನ್ನ ಸಲಹೆ ಇದು. ಮೀಟಿಂಗ್‌ನಲ್ಲಿ ಮಾತಿಗೆ ಒಂದೇ ಭಾಷೆ ಎಂಬ ನಿಯಮ ತೆಗೆದುಹಾಕಿ. ಯಾರಿಗೆ ಯಾವುದು ಸಲೀಸೋ ಅದರಲ್ಲಿ ಮಾತಾಡಲಿ, ಕೇಳಿದವರು ತಮ್ಮ ಭಾಷೆಯಲ್ಲಿ ಉತ್ತರ ಕೊಡಲಿ. ಇದೇನು ಹೊಸದಲ್ಲ. ಸ್ವಿಟ್ಜರ್ಲೆಂಡಿನ ಸಂಸತ್ ಸಮಿತಿಗಳಲ್ಲಿ ಜರ್ಮನ್‌ನವರು ಜರ್ಮನ್, ಫ್ರೆಂಚ್‌ನವರು ಫ್ರೆಂಚ್ ಮಾತಾಡುತ್ತಾರೆ. ನಮ್ಮ ಗಡಿ ಊರುಗಳ ಸಂತೆಯಲ್ಲೂ ನಡೆಯುವುದು ಇದೇ. ಆದರೆ ನಿಮ್ಮಲ್ಲಿ ಒಬ್ಬರಿಗೆ ಕನ್ನಡ ತಿಳಿಯುವುದಿಲ್ಲವಲ್ಲ, ಅವರಿಗಾಗಿ ಎರಡು ಕಟ್ಟು ಬೇಕು.

ಮೊದಲನೆಯದು, ಕನ್ನಡದಲ್ಲಿ ಮಾತಾಡುವವರು ಮೂರು ನಾಲ್ಕು ವಾಕ್ಯಕ್ಕೊಮ್ಮೆ ನಿಲ್ಲಬೇಕು, ಪಕ್ಕದವರು ಅದನ್ನು ಇಂಗ್ಲಿಷ್‌ನಲ್ಲಿ ಹೇಳಬೇಕು. ಕಥೆ ಮುಗಿದ ಮೇಲೆ ಸಾರಾಂಶ ಬೇಡ, ಉದ್ರಿ ಕ್ರೆಡಿಟ್ ಆಗುವುದೇ ಅಲ್ಲಿ. ಹೀಗೆ ಹೇಳುವ ಕೆಲಸ ವಾರಕ್ಕೊಬ್ಬರದು. ಒಬ್ಬರ ತಲೆಗೇ ಕಟ್ಟಿದರೆ ಅವರಿಗೆ ತಮ್ಮ ಮಾತು ಹೇಳಲು ಪುರುಸೊತ್ತೇ ಸಿಗುವುದಿಲ್ಲ. ಕೊನೆಗೆ 'ಅರ್ಥ ಆಯ್ತಾ' ಅಂತ ಕೇಳಬೇಡಿ. ಹೂಂ ಅನ್ನುವುದು ಮನುಷ್ಯ ಸಹಜ. ಟೆಸ್ಟರ್ ಅವರೇ 'ನಾನು ನಾಳೆ ಏನು ಟೆಸ್ಟ್ ಮಾಡ್ತೀನಿ' ಎಂದು ತಮ್ಮ ಮಾತಲ್ಲಿ ಹೇಳಲಿ. 'ಕಾರ್ಡ್ ಪಾವತಿ' ಎಂಬ ಪದ ಅವರ ಬಾಯಿಂದ ಬಂದಿದ್ದರೆ, ಅಂದೇ ಹತ್ತು ಸೆಕೆಂಡಿನಲ್ಲಿ ವಿಷಯ ಮುಗಿದಿರುತ್ತಿತ್ತು.

ಎರಡನೆಯದು, ತೀರ್ಮಾನವನ್ನು ಎದ್ದು ಹೋಗುವ ಮುಂಚೆಯೇ ಬರೆಯಬೇಕು, ಎಲ್ಲರಿಗೂ ಕಾಣುವ ಪರದೆಯ ಮೇಲೆ. ಇಂಗ್ಲಿಷ್‌ನಲ್ಲಿ ಒಂದು ಸಾಲು, ಅದರ ಕೆಳಗೆ ಕನ್ನಡದಲ್ಲಿ ಒಂದು ಸಾಲು. ಗಿರಾಕಿಯ ದೂರು ಮಾತ್ರ ಅವರು ಹೇಳಿದ ಮಾತಲ್ಲೇ ಇರಲಿ, ಪಕ್ಕದಲ್ಲಿ ಬಿಲ್ಲಿನ ಫೋಟೋ. ಮೂರು ನಿಮಿಷದ ವಾಯ್ಸ್ ಮೆಸೇಜ್‌ಗಳನ್ನು ಗ್ರೂಪಿಗೆ ಹಾಕುವ ಚಟ ನಿಮ್ಮಲ್ಲೂ ಇದೆಯಂತೆ. ಬೇಡ ಅನ್ನಲ್ಲ, ಬರೆಯಲು ಕಷ್ಟಪಡುವವರಿಗೆ ಅದೇ ಆಸರೆ. ಆದರೆ ಅದನ್ನು ಹುಡುಕಲು ಆಗುವುದಿಲ್ಲ, ಭಾಷೆ ಬಾರದವರು ಪ್ರತಿ ಸಲ ಇನ್ನೊಬ್ಬರನ್ನು ಬೇಡಬೇಕು. ಕೇಳಿಸಿಕೊಂಡ ಮೊದಲಿಗರು ಕೆಳಗೆ ಎರಡು ಸಾಲು ಬರೆದು ಹಾಕಲಿ.

ನಮ್ಮ ಪತ್ರಿಕೆಯಲ್ಲೂ ಒಮ್ಮೆ ಪೆಟ್ಟು ತಿಂದಿದ್ದೇವೆ. ಪುಟ ವಿನ್ಯಾಸ ಮಾಡುತ್ತಿದ್ದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಾಯಿಸುವಾಗ ಒಂದು ಶೀರ್ಷಿಕೆಯ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾದವು. ಅವರಿಗೆ ಅದು ಕಾಣುವುದಾದರೂ ಹೇಗೆ? ನಾವು ಐದು ಜನ ಕನ್ನಡಿಗರು ಪುಟ ನೋಡಿದ್ದೆವು, 'ಎಲ್ಲ ಸರಿ' ಎಂದು ಕನ್ನಡದಲ್ಲೇ ಮಾತಾಡಿಕೊಂಡು ಎದ್ದಿದ್ದೆವು. 'ಇದು ಯಾವ ಪದ' ಎಂದು ಕೇಳಲು ಅವರಿಗೆ ಸಂದು ಸಿಕ್ಕಿರಲಿಲ್ಲ. ಪತ್ರಿಕೆ ಅಚ್ಚಾಗಿ ಬಂದ ಮೇಲೆ ಅವರು ಹೇಳಿದ್ದು: 'ಆ ಪದ ಬೇರೆ ಪುಟಗಳಲ್ಲಿ ಹಾಗೆ ಇರಲಿಲ್ಲ ಅಂತ ನನಗೆ ಅನುಮಾನ ಇತ್ತು.'

ಹೊರಗುಳಿದವರು ದೂರು ಹೇಳುವುದಿಲ್ಲ, ಅದಕ್ಕೇ ಗುರುತು ಹಿಡಿಯುವುದು ಕಷ್ಟ. ಮುಖ ನೋಡಿ ತಿಳಿಯಲು ಹೋಗಬೇಡಿ. ಮುಂದಿನ ಐದು ಮೀಟಿಂಗ್‌ಗಳಲ್ಲಿ ಯಾರು ಪ್ರಶ್ನೆ ಕೇಳಿದರು ಎಂದು ಹೆಸರಿನ ಮುಂದೆ ಗೀಟು ಹಾಕಿ. ಮೀಟಿಂಗ್ ಮುಗಿದ ಮೇಲೆ ಯಾರಾದರೂ ಪಕ್ಕದವರಿಗೆ 'ಏನಂದರು' ಎಂದು ಮೆಸೇಜ್ ಮಾಡುತ್ತಾರೋ ವಿಚಾರಿಸಿ. ಆ ಮೆಸೇಜ್ ನಿಂತಿತೆಂದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ.

ಊಟದ ಹೊತ್ತಿನ ಹರಟೆಗೆ ನಿಯಮ ಬೇಡ, ಮಿರ್ಚಿ ಭಜಿ ಮುಂದೆ ಇಂಗ್ಲಿಷ್ ಮಾತಾಡಿ ಅಂದರೆ ಯಾರು ಕೇಳುತ್ತಾರೆ. ಟೀ ಅಂಗಡಿಯಲ್ಲಿ ಕೆಲಸದ ತೀರ್ಮಾನವಾದರೆ ಮಾತ್ರ ಗ್ರೂಪಿಗೆ ಬರಲಿ. ಸಂಬಳದ ಮಾತು, ವರ್ಷದ ಕೆಲಸದ ವಿಮರ್ಶೆ, ಮನಸ್ಸಿಗೆ ನೋವಾದ ವಿಷಯ, ಇವೆಲ್ಲ ಆ ವ್ಯಕ್ತಿ ಆರಿಸಿದ ಭಾಷೆಯಲ್ಲೇ ಆಗಲಿ. ನಿಮ್ಮ ಹುಡುಗರ ಇಂಗ್ಲಿಷ್ ತಡವರಿಕೆಯನ್ನು ಕೆಲಸದ ತಡವರಿಕೆ ಎಂದು ಲೆಕ್ಕ ಹಾಕಿಬಿಟ್ಟೀರಿ, ಜೋಕೆ.

ಟೆಸ್ಟರ್ ಅವರಿಗೆ ಕನ್ನಡ ಕಲಿಯುವ ಆಸೆಯಿದೆ ಅಂದಿರಿ. ಅದಕ್ಕೆ ಅಡ್ಡಿ ಯಾರು ಗೊತ್ತಾ? ನಾವೇ. ಅವರು ಎರಡು ಪದ ಕನ್ನಡ ಆಡುವಷ್ಟರಲ್ಲಿ ನಾವು ಹಿಂದಿಗೋ ಇಂಗ್ಲಿಷ್‌ಗೋ ಹಾರಿರುತ್ತೇವೆ, ಅದನ್ನೇ ಉಪಕಾರ ಅಂದುಕೊಂಡು. ಅವರು ಮಾತಾಡಬೇಕೆಂದು ಒತ್ತಾಯ ಬೇಡ. ಕಿವಿ ಮೊದಲು ಕಲಿಯುತ್ತದೆ, ನಾಲಿಗೆ ಆಮೇಲೆ. ನಿಮ್ಮ ಪ್ರೋಗ್ರಾಮರ್ ಕಲಿತದ್ದೂ ಹಾಗೇ ಅಲ್ವಾ?

ಪದಗಳ ಪಟ್ಟಿಯ ಮೊದಲ ಪುಟವನ್ನು ರಾಣೆಬೆನ್ನೂರಿಗೆ ಹೋಗಿಬಂದ ಹುಡುಗ ಮತ್ತು ಟೆಸ್ಟರ್ ಇಬ್ಬರೂ ಕೂತು ಬರೆಯಲಿ. ಬಾಕಿ ಎಂಬ ಪದಕ್ಕೆ ಬಂದಾಗ ಪ್ರೋಗ್ರಾಮರನ್ನೂ ಕರೆಯಿರಿ. ಆ 40 ಪೈಸೆ ಯಾವ ಹೆಸರಿನಲ್ಲಿ ಖಾತೆಯಿಂದ ಹೊರಗೆ ಹೋಗಬೇಕು ಎಂಬುದೂ ಅಲ್ಲೇ ತೀರ್ಮಾನವಾದೀತು. ಏನಾಯಿತೆಂದು ಬರೆದು ತಿಳಿಸಿ.