ರಿಕ್ರೂಟರ್ ರಜೆಯಲ್ಲಿದ್ದಾರೆ, ಅವರು ಕೊಟ್ಟ ಇನ್ನೊಂದು ಐಡಿಗೆ ಮೇಲ್ ಹೋಗುತ್ತಿಲ್ಲ. ಮುಂದೇನು?

ಪ್ರಶ್ನೆ: ಕೊನೆಯ ರೌಂಡ್ ಇಂಟರ್‌ವ್ಯೂ ಮುಗಿದು ಎರಡು ವಾರ ಆಯ್ತು. ರಿಕ್ರೂಟರ್‌ಗೆ ಫಾಲೋ ಅಪ್ ಮೇಲ್ ಕಳಿಸಿದ್ರೆ "ಮುಂದಿನ ಸೋಮವಾರದವರೆಗೆ ರಜೆಯಲ್ಲಿದ್ದೇನೆ, ತುರ್ತು ಇದ್ರೆ ಈ ಐಡಿಗೆ ಬರೆಯಿರಿ" ಅಂತ ಆಟೋ ರಿಪ್ಲೈ ಬಂತು. ಆ ಐಡಿಗೆ ಬರೆದ್ರೆ ಮೇಲ್ ಬೌನ್ಸ್ ಆಯ್ತು. ಇನ್ನೊಂದು ಕಂಪನಿಯ ಆಫರ್‌ಗೆ ಶುಕ್ರವಾರದೊಳಗೆ ಉತ್ತರ ಕೊಡಬೇಕು. ಏನ್ ಮಾಡ್ಲಿ?

ಉತ್ತರ: ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ನೇಮಕಾತಿ ತಂಡದಲ್ಲಿದ್ದೇನೆ. ಆ ರಜೆಯ ಮೇಲ್ ಬರೆದಿಟ್ಟು ಹೋಗುವ ಜನ ನಾವೇ. ಹಾಗಾಗಿ ಒಳಗಿನಿಂದ ಕಾಣುವುದನ್ನು ಹೇಳುತ್ತೇನೆ.

ನಿಮ್ಮ ಮೊದಲ ಮೇಲ್ ತಲುಪಿದೆ. ಆಟೋ ರಿಪ್ಲೈ ಬರಬೇಕಾದರೆ ಮೇಲ್ ಅವರ ಡಬ್ಬಕ್ಕೆ ಬಿದ್ದಿರಲೇಬೇಕು. ಆದ್ದರಿಂದ ಅದನ್ನೇ ಮತ್ತೆ ಕಳಿಸಬೇಡಿ. ಕೆಲವರು "ಇವತ್ತು ಕಳಿಸಿದಾಗ ಆಟೋ ರಿಪ್ಲೈ ಬರಲಿಲ್ಲ, ಹಾಗಾದ್ರೆ ಅವರು ರಜೆಯಿಂದ ವಾಪಸ್ ಬಂದಿರಬೇಕು" ಎಂದು ಲೆಕ್ಕ ಹಾಕುತ್ತಾರೆ. ಅದು ತಪ್ಪು ಲೆಕ್ಕ. ಔಟ್‌ಲುಕ್ ಒಬ್ಬ ವ್ಯಕ್ತಿಗೆ ಆ ರಜೆಯಲ್ಲಿ ಒಂದೇ ಸಲ ಆಟೋ ರಿಪ್ಲೈ ಕಳಿಸುತ್ತದೆ. ಜಿಮೇಲ್ ಆದರೆ ನಾಲ್ಕು ದಿನಕ್ಕೊಮ್ಮೆ. ಎರಡನೇ ಮೇಲ್‌ಗೆ ಏನೂ ಬರಲಿಲ್ಲ ಎಂದರೆ ಏನೂ ಗೊತ್ತಾಗಲಿಲ್ಲ ಎಂದಷ್ಟೇ ಅರ್ಥ.

ಇನ್ನೊಂದು, ಆ ರಜೆಯ ಮೇಲ್‌ನಲ್ಲಿರುವ ತಾರೀಖನ್ನು ಸರಿಯಾಗಿ ಓದಿ. "ಸೋಮವಾರದವರೆಗೆ" ಎಂದರೆ ಸೋಮವಾರ ಕೆಲಸಕ್ಕೆ ಬರುತ್ತಾರಾ, ಮಂಗಳವಾರವಾ? ಬರೆದವರು ಅದನ್ನು ಯೋಚಿಸಿರುವುದೇ ಕಡಿಮೆ. ಅಮೆರಿಕದ ಕಂಪನಿಯಾದರೆ 11/10 ಎಂಬುದು ಅಕ್ಟೋಬರ್ 11 ಅಲ್ಲ, ನವೆಂಬರ್ 10 ಇರಬಹುದು. ನಿಮ್ಮ ವಿಷಯದಲ್ಲಿ ಹೇಗೆ ನೋಡಿದರೂ ಅವರು ಬರುವುದು ಶುಕ್ರವಾರದ ನಂತರವೇ. ಹಾಗಾಗಿ ಕಾಯುವ ಪ್ರಶ್ನೆ ಇಲ್ಲ. ನಿಮ್ಮ ಕೈಲಿ ಇನ್ನೊಂದು ಆಫರ್ ಇಲ್ಲದಿದ್ದರೆ ಮಾತ್ರ "ಸುಮ್ನೆ ಬಿಡಿ, ಅವರು ಬಂದ ಮಾರನೇ ದಿನ ಒಂದು ಸಾಲು ಬರೆಯಿರಿ" ಎಂದು ಹೇಳುತ್ತಿದ್ದೆ.

ಈಗ ಬೌನ್ಸ್ ಆದ ಮೇಲ್‌ಗೆ ಬರೋಣ. ಅದನ್ನು ಡಿಲೀಟ್ ಮಾಡಿಲ್ಲ ತಾನೇ? ತೆರೆಯಿರಿ. ಮೇಲಿರುವ ದೊಡ್ಡ ಅಕ್ಷರದ ಹೆಡ್ಡಿಂಗ್ ಬಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿರುವ ಸಾಲಿಗೆ ಹೋಗಿ. ಅಲ್ಲಿ ಮೂರಂಕಿಯ ಒಂದು ಸಂಖ್ಯೆ, ಅದರ ಪಕ್ಕ ಚುಕ್ಕಿಗಳಿರುವ ಇನ್ನೊಂದು ಸಂಖ್ಯೆ ಇರುತ್ತದೆ. ಎರಡನೆಯದು 5ರಿಂದ ಶುರುವಾದರೆ ಮೇಲ್ ಹೋಗಲಿಲ್ಲ, ಇನ್ನು ಹೋಗುವುದೂ ಇಲ್ಲ. 4ರಿಂದ ಶುರುವಾದರೆ ತಾತ್ಕಾಲಿಕ ತೊಂದರೆ. ಆಗ ಜಿಮೇಲ್ ತಾನಾಗಿಯೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಇನ್ನೆಷ್ಟು ಗಂಟೆ ಪ್ರಯತ್ನಿಸುತ್ತದೆ ಎಂಬುದನ್ನೂ ಅದೇ ಮೇಲ್‌ನಲ್ಲಿ ಹೇಳಿರುತ್ತದೆ. ಆ ನಡುವೆ ನೀವೂ ಕಳಿಸಿದರೆ ಅವರಿಗೆ ಎರಡೆರಡು ಸಲ ಹೋಗುತ್ತದೆ.

5ರಿಂದ ಶುರುವಾಗುವುದರಲ್ಲಿ ನಿಮಗೆ ಸಿಕ್ಕಿರುವುದು ಬಹುಶಃ ಈ ಎರಡರಲ್ಲಿ ಒಂದು. ಮೊದಲನೆಯದು ಹೀಗಿರುತ್ತದೆ:

```
550 5.1.1 The email account that you tried to reach does not exist.
```

ಅಂದರೆ ಆ ಹೆಸರಿನ ಡಬ್ಬವೇ ಅಲ್ಲಿಲ್ಲ. ಕಾರಣ ಸಾಮಾನ್ಯವಾಗಿ ತೀರಾ ಸಾದಾ. ರಜೆಗೆ ಹೋಗುವ ಹಿಂದಿನ ಸಂಜೆ ನಾವು ಹಳೆಯ ಆಟೋ ರಿಪ್ಲೈಯನ್ನೇ ತೆಗೆದು ತಾರೀಖು ಮಾತ್ರ ಬದಲಿಸುತ್ತೇವೆ. ಅದರಲ್ಲಿರುವ ಸಹೋದ್ಯೋಗಿ ಆಗಲೇ ಕೆಲಸ ಬಿಟ್ಟಿರುತ್ತಾರೆ. ಇಲ್ಲವೇ ಐಡಿ ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪಿರುತ್ತದೆ. ರಿಕ್ರೂಟರ್‌ನ ಐಡಿ ಹೆಸರು, ಚುಕ್ಕಿ, ಮನೆತನದ ಹೆಸರು ಎಂಬ ಕ್ರಮದಲ್ಲಿದ್ದು, ಇದರಲ್ಲಿ ಮಾತ್ರ ಚುಕ್ಕಿ ಇಲ್ಲ ಎಂದಾದರೆ ಚುಕ್ಕಿ ಹಾಕಿ ಒಂದು ಸಲ ನೋಡಬಹುದು. ಒಂದೇ ಸಲ. ಊಹೆಯ ಮೇಲೆ ಹತ್ತು ಐಡಿ ಕಟ್ಟಿ ಎಲ್ಲಕ್ಕೂ ಕಳಿಸಬೇಡಿ. ಅದೇ ಹೆಸರಿನ ಬೇರೆ ಯಾರಿಗೋ ಹೋದರೆ ನಿಮ್ಮ ಸಂಬಳದ ಮಾತೆಲ್ಲ ಅವರ ಕೈಲಿ.

ಎರಡನೆಯದು ಹೊರಗಿನವರಿಗೆ ಗೊತ್ತೇ ಇರುವುದಿಲ್ಲ:

```
550 5.7.133 RESOLVER.RST.SenderNotAuthenticatedForGroup
```

ಕೊಟ್ಟಿರುವ ಐಡಿ ಒಬ್ಬ ವ್ಯಕ್ತಿಯದಲ್ಲದೆ ತಂಡದ್ದಾಗಿದ್ದರೆ, ಅಂದರೆ ಹೆಸರಿನ ಬದಲು ನೇಮಕಾತಿ, ಎಚ್‌ಆರ್, ಟ್ಯಾಲೆಂಟ್ ಇಂಥದ್ದೇನೋ ಇದ್ದರೆ, ಇದೇ ಆಗಿರುವ ಸಾಧ್ಯತೆ ಜಾಸ್ತಿ. ಐಡಿ ಸರಿಯಾಗಿದೆ, ತಂಡವೂ ಇದೆ. ಆದರೆ ಮೈಕ್ರೋಸಾಫ್ಟ್‌ನ ಮೇಲ್ ವ್ಯವಸ್ಥೆಯಲ್ಲಿ ಇಂಥ ಗುಂಪಿನ ಐಡಿ ಮಾಡಿದಾಗ, ಕಂಪನಿಯ ಒಳಗಿನವರ ಮೇಲ್ ಮಾತ್ರ ತೆಗೆದುಕೊಳ್ಳುವ ಹಾಗೆ ಅದು ತಾನಾಗಿಯೇ ಸೆಟ್ ಆಗಿರುತ್ತದೆ. ಹೊರಗಿನವರಿಗೂ ತೆರೆಯಿರಿ ಎಂದು ಐಟಿಯವರಿಗೆ ಯಾರಾದರೂ ಹೇಳಬೇಕು. ಯಾರೂ ಹೇಳಿರುವುದಿಲ್ಲ. ಔಟ್‌ಲುಕ್‌ನಲ್ಲಿ ಒಳಗಿನವರಿಗೆ ಒಂದು, ಹೊರಗಿನವರಿಗೆ ಒಂದು ಎಂದು ಬೇರೆ ಬೇರೆ ಆಟೋ ರಿಪ್ಲೈ ಬರೆಯಲು ಜಾಗವಿದೆ. ಒಂದೇ ಬರಹವನ್ನು ಎರಡೂ ಕಡೆ ಅಂಟಿಸಿದರೆ ಹೀಗಾಗುತ್ತದೆ. ನಾವೇ ಟೆಸ್ಟ್ ಮಾಡಿದರೂ ಆಫೀಸಿನ ಮೇಲ್‌ನಿಂದಲೇ ಮಾಡುತ್ತೇವಲ್ಲ, ನಮಗೆ ಸರಿಯಾಗಿಯೇ ಹೋಗುತ್ತದೆ. ತಪ್ಪು ಕಾಣುವುದು ನಿಮ್ಮಂಥ ಅಭ್ಯರ್ಥಿಗೆ ಮಾತ್ರ.

ಈ ಎರಡನೆಯದಾದರೆ ಅದೇ ಐಡಿಗೆ ಬೇರೆ ಜಿಮೇಲ್‌ನಿಂದ, ಯಾಹೂನಿಂದ ಎಂದು ಪ್ರಯತ್ನಿಸಿ ಉಪಯೋಗವಿಲ್ಲ. ಎಲ್ಲಿಂದ ಕಳಿಸಿದರೂ ನೀವು ಹೊರಗಿನವರೇ.

ಹಾಗಾದರೆ ಯಾರಿಗೆ ಬರೆಯುವುದು? ನಿಮ್ಮ ಕ್ಯಾಲೆಂಡರ್ ತೆರೆದು ಇಂಟರ್‌ವ್ಯೂ ಆಹ್ವಾನ ಹುಡುಕಿ. ಅದರಲ್ಲಿ ಆಹ್ವಾನ ಕಳಿಸಿದವರ ಹೆಸರೂ ಕರೆದವರ ಪಟ್ಟಿಯೂ ಇರುತ್ತದೆ. ತುಂಬಾ ಕಂಪನಿಗಳಲ್ಲಿ ಸಮಯ ಹೊಂದಿಸಿ ಆಹ್ವಾನ ಕಳಿಸುವವರು ರಿಕ್ರೂಟರ್ ಅಲ್ಲ, ಕೋಆರ್ಡಿನೇಟರ್. ನಿಮಗೆ ಬೇಕಾದವರು ಅವರೇ. ರಿಕ್ರೂಟರ್ ಇಲ್ಲದಾಗ ಅವರ ಕೆಲಸ ಯಾರು ನೋಡುತ್ತಿದ್ದಾರೆ ಎಂಬುದು ಅವರಿಗೆ ಖಂಡಿತ ಗೊತ್ತಿರುತ್ತದೆ. ಆಹ್ವಾನ ಯಾವುದೋ ನೋ ರಿಪ್ಲೈ ಐಡಿಯಿಂದ ಬಂದಿದ್ದರೆ ಅದಕ್ಕೆ ಉತ್ತರಿಸಬೇಡಿ, ಅದೂ ಬೌನ್ಸ್ ಆಗಬಹುದು. ಆಗ ಪಟ್ಟಿಯಲ್ಲಿರುವ ಮ್ಯಾನೇಜರ್‌ಗೆ ಬರೆಯಬಹುದು. ಮಾಮೂಲಿ ದಿನಗಳಲ್ಲಿ ರಿಕ್ರೂಟರ್‌ನ ಬಿಟ್ಟು ಮ್ಯಾನೇಜರ್‌ಗೆ ಬರೆಯುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಆದರೆ ನಿಮಗೆ ಶುಕ್ರವಾರದ ಗಡುವಿದೆ, ದಾರಿ ಮುಚ್ಚಿದೆ. ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಮೊದಲು ಮಾತಾಡಿಸಿದಾಗ ರಿಕ್ರೂಟರ್ ಮೊಬೈಲ್‌ನಿಂದ ಕರೆ ಮಾಡಿದ್ದರೆ ಆ ನಂಬರ್ ನಿಮ್ಮಲ್ಲಿರುತ್ತದೆ. ರಜೆಯಲ್ಲಿರುವವರಿಗೆ ಫೋನ್ ಮಾಡಬೇಡಿ. ವಾಟ್ಸಾಪ್‌ನಲ್ಲಿ ಒಂದೇ ಒಂದು ಸಾಲು ಹಾಕಿ: "ರಜೆಯಲ್ಲಿದ್ದೀರಿ, ಕ್ಷಮಿಸಿ. ನೀವು ಕೊಟ್ಟ ಐಡಿಗೆ ಮೇಲ್ ಹೋಗುತ್ತಿಲ್ಲ. ಯಾರನ್ನು ಕೇಳಲಿ ಎಂದು ಹೇಳಿದರೆ ಸಾಕು." ಫಲಿತಾಂಶ ಏನಾಯ್ತು ಎಂದು ಅಲ್ಲಿ ಕೇಳಬೇಡಿ. ಹೆಸರು ಹೇಳುವುದು ಅರ್ಧ ನಿಮಿಷದ ಕೆಲಸ, ಹಾಗಾಗಿ ಉತ್ತರ ಬರುತ್ತದೆ. ಫಲಿತಾಂಶ ಹೇಳಬೇಕಾದರೆ ಅವರು ಲ್ಯಾಪ್‌ಟಾಪ್ ತೆರೆಯಬೇಕು.

ಕೋಆರ್ಡಿನೇಟರ್‌ಗೆ ಬರೆಯುವ ಮೇಲ್ ಬಗ್ಗೆ ಸ್ವಲ್ಪ ಹೇಳಬೇಕು. ಹೊಸದಾಗಿ ಬರೆಯಬೇಡಿ, ರಿಕ್ರೂಟರ್‌ಗೆ ಕಳಿಸಿದ ಹಳೆಯ ಮೇಲನ್ನೇ ಫಾರ್ವರ್ಡ್ ಮಾಡಿ. ಹಿಂದಿನ ಮಾತುಕತೆ ಕೆಳಗೆ ಕಾಣುತ್ತದೆ. ರಿಕ್ರೂಟರ್‌ನ ಸಿಸಿಯಲ್ಲಿ ಇಡಿ, ಅವರು ಬಂದಾಗ ಕಥೆ ಗೊತ್ತಾಗಲಿ. ಸಬ್ಜೆಕ್ಟ್‌ನಲ್ಲಿ ಹುದ್ದೆಯ ಹೆಸರು, ಜಾಬ್ ಐಡಿ, ಗಡುವು ಮೂರೂ ಇರಲಿ. ಒಳಗೆ, ನೀವು ಇಂಗ್ಲಿಷ್‌ನಲ್ಲೇ ಬರೆಯುತ್ತೀರಿ ಅನ್ನಿ, ವಿಷಯ ಇಷ್ಟು ಸಾಕು:

"ನಮಸ್ಕಾರ. ಈ ಹುದ್ದೆಗೆ ನನ್ನ ಕೊನೆಯ ರೌಂಡ್ ಇಂಥ ತಾರೀಖು ಮುಗಿದಿದೆ. ರಿಕ್ರೂಟರ್ ರಜೆಯಲ್ಲಿದ್ದಾರೆ, ಅವರು ಸೂಚಿಸಿದ ಐಡಿಗೆ ಮೇಲ್ ತಲುಪುತ್ತಿಲ್ಲ. ನನಗೆ ಇನ್ನೊಂದು ಆಫರ್ ಇದೆ, ಅದಕ್ಕೆ ಈ ಶುಕ್ರವಾರ ಸಂಜೆಯೊಳಗೆ ಉತ್ತರಿಸಬೇಕು. ನನಗೆ ನಿಮ್ಮ ಹುದ್ದೆಯೇ ಇಷ್ಟ. ಗುರುವಾರದೊಳಗೆ ನನ್ನ ಸ್ಥಿತಿ ಹೇಳಲು ಸಾಧ್ಯವೇ? ಇಲ್ಲವಾದರೆ ಯಾರನ್ನು ಕೇಳಬೇಕು ಎಂದು ತಿಳಿಸಿ. ಅರ್ಜಿಯಲ್ಲಿ ಕೊಟ್ಟ ಮೇಲ್ ಐಡಿ ಮತ್ತು ಫೋನ್ ಇವು."

ಕೊನೆಯ ಸಾಲು ಬಿಡಬೇಡಿ. ಬದಲಿಗೆ ನೋಡಿಕೊಳ್ಳುತ್ತಿರುವವರು ನಿಮ್ಮನ್ನು ಕಂಡೇ ಇರುವುದಿಲ್ಲ. ಅವರು ಸಿಸ್ಟಂನಲ್ಲಿ ಹುಡುಕುವುದು ಅರ್ಜಿಯಲ್ಲಿರುವ ಐಡಿ, ಫೋನ್ ಅಥವಾ ಜಾಬ್ ಐಡಿಯಿಂದ. ಬೇರೆ ಮೇಲ್‌ನಿಂದ ಬರೆದು, ಹೆಸರನ್ನೂ ಚಿಕ್ಕದು ಮಾಡಿ ಹಾಕಿದರೆ ನಾವು ಹುಡುಕುತ್ತಾ ಕೂರಬೇಕು. ರೆಸ್ಯೂಮೆ ಮತ್ತೆ ಲಗತ್ತಿಸುವುದು ಬೇಡ, ಅದು ಒಳಗಿದೆ. ಬೌನ್ಸ್ ಮೇಲ್‌ನ ಸ್ಕ್ರೀನ್‌ಶಾಟ್ ಕೂಡ ಬೇಡ. ಗುಂಪಿನ ಐಡಿ ಕಥೆ ನಿಮಗೆ ಖಚಿತವಾಗಿದ್ದರೆ "ಆ ಐಡಿ ಹೊರಗಿನ ಮೇಲ್ ತೆಗೆದುಕೊಳ್ಳುತ್ತಿಲ್ಲ" ಎಂದು ಒಂದು ಮಾತು ಸೇರಿಸಿ. ನಮಗೆ ಉಪಕಾರವಾಗುತ್ತದೆ.

ಗಡುವನ್ನು ಇದ್ದ ಹಾಗೆಯೇ ಹೇಳಿ. ಇಲ್ಲದ ಆಫರ್ ತೋರಿಸಿ ಆತುರಪಡಿಸುವವರನ್ನು ನಾವು ದಿನಾ ನೋಡುತ್ತೇವೆ. ಕೆಲವು ಕಡೆ "ಆಫರ್ ಲೆಟರ್ ತೋರಿಸಿ" ಎಂದೇ ಕೇಳುತ್ತಾರೆ. ಕೇಳಿದರೆ ಸಂಬಳದ ಅಂಕಿ ಮುಚ್ಚಿ ಗಡುವಿನ ಸಾಲು ಮಾತ್ರ ತೋರಿಸುವುದರಲ್ಲಿ ತಪ್ಪಿಲ್ಲ.

ಇದರ ಜೊತೆಗೇ, ಇವತ್ತೇ, ಆಫರ್ ಕೊಟ್ಟ ಕಂಪನಿಗೂ ಬರೆಯಿರಿ. ಮುಂದಿನ ವಾರದ ಬುಧವಾರದವರೆಗೆ ಸಮಯ ಕೊಡಬಹುದಾ ಎಂದು ಕೇಳಿ. ರಿಕ್ರೂಟರ್ ಮಂಗಳವಾರ ಬಂದರೂ ನಿಮಗೆ ಒಂದು ದಿನ ಉಳಿಯುತ್ತದೆ, ಆ ದಿನವನ್ನು ಲೆಕ್ಕ ಹಾಕಿಯೇ ಬುಧವಾರ ಎನ್ನುತ್ತಿದ್ದೇನೆ. ಶುಕ್ರವಾರ ಸಂಜೆ ಐದಕ್ಕೆ ಕೇಳಿದರೆ ಅನುಮಾನ ಬರುತ್ತದೆ, ನಾಲ್ಕು ದಿನ ಮೊದಲೇ ಕೇಳಿದರೆ ಮಾಮೂಲಿ ವಿಷಯ. ಎರಡು ಮೂರು ಕೆಲಸದ ದಿನ ಕೇಳಿದ್ದಕ್ಕೆ ಆಫರ್ ವಾಪಸ್ ತೆಗೆದುಕೊಳ್ಳುವ ಕಂಪನಿ ಅಪರೂಪ. ಅವರು ಆಗಲ್ಲ ಎಂದು, ಇತ್ತ ಗುರುವಾರ ರಾತ್ರಿಯವರೆಗೂ ಸುದ್ದಿ ಬರದಿದ್ದರೆ, ನಾನಾಗಿದ್ದರೆ ಕೈಯಲ್ಲಿರುವ ಆಫರ್ ಒಪ್ಪಿಕೊಳ್ಳುತ್ತಿದ್ದೆ. ಆಮೇಲೆ ಮೊದಲ ಕಂಪನಿಯ ಅದೇ ಮೇಲ್ ಸರಣಿಯಲ್ಲಿ, ಗಡುವಿನಿಂದಾಗಿ ಬೇರೆ ಕಡೆ ಒಪ್ಪಿದ್ದೇನೆ, ನನ್ನ ಅರ್ಜಿ ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ಶುಕ್ರವಾರವೇ ಬರೆದುಬಿಡಿ. ಸೋಮವಾರ ಡಬ್ಬ ತೆರೆದಾಗ ರಿಕ್ರೂಟರ್‌ಗೆ ಮೊದಲು ಕಾಣುವುದು ಮೇಲಿರುವ ಹೊಸ ಮೇಲ್, ಹಳೆಯದನ್ನು ನೋಡಿ ನಿಮಗೆ ಆಫರ್ ತಯಾರು ಮಾಡುತ್ತಾ ಕೂರುವುದು ತಪ್ಪುತ್ತದೆ.