ಬಿಸ್ಕತ್ತಿನ ನಾನೂರು, ಮುದ್ದೆಯ ನಾನೂರು

ಪ್ರಶ್ನೆ: ಮಂಡ್ಯದಿಂದ ಮೈಸೂರಿನ ಹೆಬ್ಬಾಳದ ಕಾರ್ಖಾನೆಗೆ ದಿನಾ ಓಡಾಡುತ್ತೇನೆ. ಬೆಳಿಗ್ಗೆ ಟೀ ಜೊತೆ ಗ್ಲೂಕೋಸ್ ಬಿಸ್ಕತ್ತು, ಲೆಕ್ಕ ಹಾಕಿದರೆ 400 ಕ್ಯಾಲೊರಿ. ಭಾನುವಾರ ಮುದ್ದೆ, ಬಸ್ಸಾರು, ಅದೂ ಅಷ್ಟೇ. ಆದರೆ ಬಿಸ್ಕತ್ತಿನ ದಿನ ಹತ್ತು ಗಂಟೆಗೇ ಹಸಿವು, ಕ್ಯಾಂಟೀನಿನಲ್ಲಿ ಮತ್ತೆ ತಿನ್ನುತ್ತೇನೆ, ತೂಕವೂ ಏರುತ್ತಿದೆ. ಅಗಿದು ತಿಂದರೆ ಸರಿಹೋಗುತ್ತದೆ ಅನ್ನುತ್ತಾರೆ. ಮುದ್ದೆಯನ್ನು ಯಾರು ಸ್ವಾಮಿ ಅಗಿಯುತ್ತಾರೆ?

ಉತ್ತರ: ಮೊಬೈಲಿನಲ್ಲಿ ಕ್ಯಾಲೊರಿ ಎಣಿಸುವ ಆಪ್‌ಗಳು ಬಂದ ಮೇಲೆ ಈ ಪ್ರಶ್ನೆ ನಿಂತೇ ಇಲ್ಲ. ಬರುವ ಪತ್ರಗಳಲ್ಲಿ ನಿಮ್ಮದನ್ನು ಆರಿಸಿಕೊಂಡದ್ದು ಕೊನೆಯ ಸಾಲಿಗಾಗಿ. ಅಗಿಯಿರಿ ಎಂದು ಉಪದೇಶ ಮಾಡುವವರು ಮಂಡ್ಯದ ಊಟವನ್ನು ನೋಡಿದ ಹಾಗಿಲ್ಲ.

ನಿಮ್ಮ ಬಿಸ್ಕತ್ತು ಅತಿಸಂಸ್ಕರಿತ ಆಹಾರ. ಹಾಗಂದರೆ ಏನು ಎಂಬ ಪಾಠವನ್ನು ಇಲ್ಲಿ ಮಾಡುವುದಿಲ್ಲ. ನಿಮ್ಮ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಓದಿ. ಯಾರ ಅಡುಗೆಮನೆಯ ಡಬ್ಬಿಯಲ್ಲೂ ಇಲ್ಲದ ಹೆಸರುಗಳು ಅಲ್ಲಿರುತ್ತವೆ, ಅಷ್ಟು ತಿಳಿದರೆ ಸಾಕು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಬಿಸ್ಕತ್ತಿನ 400 ಕ್ಯಾಲೊರಿ ಮೈಯೊಳಗೆ ಹೋಗಿ 600 ಆಗುವುದಿಲ್ಲ. ನಿಮ್ಮ ತೂಕ ಏರಿಸಿದ್ದು ಬೆಳಗಿನ ಆ 400 ಅಲ್ಲ, ಅದು ತಡೆಯಲಾಗದೆ ಬಿಟ್ಟ ಕ್ಯಾಂಟೀನಿನ ತಿಂಡಿ. ತಟ್ಟೆಯಲ್ಲಿ ಕ್ಯಾಲೊರಿ ಸಮನಾಗಿದ್ದರೂ ದಿನದ ಕೊನೆಗೆ ಹೊಟ್ಟೆಗೆ ಹೋದದ್ದು ಸಮನಾಗಿರುವುದಿಲ್ಲ.

ಇದನ್ನು ಕಟ್ಟುನಿಟ್ಟಾಗಿ ತೋರಿಸಿದವರು ಆಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಅವರ ಜೊತೆಗಾರರು. 2019ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 20 ಮಂದಿಯನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದರು. ಎರಡು ವಾರ ಅತಿಸಂಸ್ಕರಿತ ಊಟ, ಇನ್ನೆರಡು ವಾರ ಹೆಚ್ಚು ಸಂಸ್ಕರಿಸದ ಊಟ. ಯಾವುದು ಮೊದಲು ಎಂಬುದು ಚೀಟಿ ಎತ್ತಿದ ಹಾಗೆ. ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎಲ್ಲವನ್ನೂ ಎರಡೂ ಕಡೆ ಸರಿಹೊಂದಿಸಿದ್ದರು. ಬೇಕಾದಷ್ಟಕ್ಕಿಂತ ತುಂಬಾ ಹೆಚ್ಚು ಬಡಿಸಿ, ಸಾಕು ಅನ್ನಿಸುವಷ್ಟು ತಿನ್ನಿ ಎಂದರು. ಅತಿಸಂಸ್ಕರಿತ ಊಟದ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ನಿಮ್ಮ ಲೆಕ್ಕಕ್ಕೆ ಹೇಳುವುದಾದರೆ 110 ಗ್ರಾಂ ಗ್ಲೂಕೋಸ್ ಬಿಸ್ಕತ್ತು. ಎರಡು ವಾರಕ್ಕೆ ಸರಾಸರಿ 0.9 ಕೆ.ಜಿ. ಏರಿದರು, ಇನ್ನೊಂದು ಊಟದಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿದರು.

ನಾಲಿಗೆ ಚಪಲ ಎಂದು ಬೈಯುವವರಿಗೆ ಒಂದು ಮಾತು. ಆ ಪ್ರಯೋಗದಲ್ಲಿ ರುಚಿ ಹೇಗಿದೆ ಎಂದು ಕೇಳಿದಾಗ ಎರಡೂ ಊಟಕ್ಕೆ ಜನ ಕೊಟ್ಟ ಅಂಕ ಒಂದೇ ಮಟ್ಟದ್ದು. ಹೆಚ್ಚು ರುಚಿ ಅನ್ನಿಸಿ ಹೆಚ್ಚು ತಿಂದದ್ದಲ್ಲ. ತಿಂದ ವೇಗ ಮಾತ್ರ ಬೇರೆಯಿತ್ತು: ಅತಿಸಂಸ್ಕರಿತ ಊಟದಲ್ಲಿ ನಿಮಿಷಕ್ಕೆ ಸುಮಾರು 17 ಕ್ಯಾಲೊರಿ ಹೆಚ್ಚು ಒಳಗೆ ಹೋಗುತ್ತಿತ್ತು.

ಎಲ್ಲರೂ ಗಮನಿಸದೆ ದಾಟಿಹೋಗುವ ಒಂದು ವಿವರ ಆ ಪ್ರಯೋಗದಲ್ಲಿದೆ. ಅತಿಸಂಸ್ಕರಿತ ಊಟದಲ್ಲಿ ನಾರು ಎಷ್ಟು ಕಡಿಮೆ ಎಂದರೆ, ಸಮ ಮಾಡಲು ನಾರನ್ನು ಪಾನೀಯದಲ್ಲಿ ಕರಗಿಸಿ ಕೊಡಬೇಕಾಯಿತು. ಆ ಪಾನೀಯದ ನೀರನ್ನೂ ಸೇರಿಸಿ ಲೆಕ್ಕ ಹಾಕಿದ್ದರಿಂದ ಗ್ರಾಂಗೆ ಇಷ್ಟು ಕ್ಯಾಲೊರಿ ಎಂಬುದೂ ಕಾಗದದ ಮೇಲೆ ಸಮವಾಯಿತು. ಪಾನೀಯ ಬದಿಗಿಟ್ಟು ತಟ್ಟೆಯಲ್ಲಿದ್ದದ್ದನ್ನು ಮಾತ್ರ ತೂಗಿದರೆ, ಅತಿಸಂಸ್ಕರಿತ ಆಹಾರದಲ್ಲಿ ಗ್ರಾಂಗೆ ಇದ್ದ ಕ್ಯಾಲೊರಿ ಸುಮಾರು ಎರಡರಷ್ಟು. ನಿಮ್ಮ ಪ್ರಶ್ನೆಗೆ ಉತ್ತರ ಬಹುಪಾಲು ಅಲ್ಲೇ ಇದೆ.

ಈಗ ನಿಮ್ಮ ಅಡುಗೆಮನೆಗೆ ಬನ್ನಿ. ಮುದ್ದೆಗೆ 100 ಗ್ರಾಂ ರಾಗಿ ಹಿಟ್ಟು ಹಾಕಿದರೆ ಸುಮಾರು 320 ಕ್ಯಾಲೊರಿ. ಅದಕ್ಕೆ 200 ಎಂ.ಎಲ್. ನೀರು ಸೇರಿ, ಬೆಂದು, ತೊಳಸಿ ಕಟ್ಟಿದರೆ ಮುದ್ದೆಯ ತೂಕ ಹತ್ತಿರ ಹತ್ತಿರ 300 ಗ್ರಾಂ. ಗ್ರಾಂಗೆ ಒಂದೇ ಕ್ಯಾಲೊರಿ. ಅದೇ 320 ಕ್ಯಾಲೊರಿಗೆ ಗ್ಲೂಕೋಸ್ ಬಿಸ್ಕತ್ತು 70 ಗ್ರಾಂ ಸಾಕು. ಉಳಿದ 80 ಕ್ಯಾಲೊರಿ ಒಂದು ಕಡೆ ಬಸ್ಸಾರು, ಇನ್ನೊಂದು ಕಡೆ ಸಕ್ಕರೆ ಹಾಕಿದ ಟೀ. ಬಸ್ಸಾರು ಒಂದು ಬಟ್ಟಲಾದರೂ ಇರುತ್ತದೆ, ಅದರಲ್ಲಿ ಸೊಪ್ಪು, ಕಾಳು. ಹೊಟ್ಟೆಯ ಗೋಡೆಗೆ ಕ್ಯಾಲೊರಿ ಎಣಿಸಲು ಬರುವುದಿಲ್ಲ. ಎಷ್ಟು ಹಿಗ್ಗಿದೆ ಎಂಬುದನ್ನು ಅದು ವೇಗಸ್ ನರದ ಮೂಲಕ ಮಿದುಳಿಗೆ ತಿಳಿಸುತ್ತದೆ. ಅರ್ಧ ಕಿಲೋ ಊಟ ಬಂದಾಗ ತಿಳಿಸುವ ಸುದ್ದಿಯೇ ಬೇರೆ, ಒಂದು ಹಿಡಿ ಬಿಸ್ಕತ್ತು ಬಂದಾಗ ತಿಳಿಸುವುದೇ ಬೇರೆ.

ಹಾಗಾದರೆ ಬಿಸ್ಕತ್ತಿನ ಮೇಲೆ ಎರಡು ಲೋಟ ನೀರು ಕುಡಿದರಾಯಿತು ಎಂದು ಈಗಾಗಲೇ ಯೋಚಿಸಿರುತ್ತೀರಿ. ಇದನ್ನು ನನ್ನ ಬಳಿ ಬಂದವರಿಂದ ಕೇಳಿ ಕೇಳಿ ಸಾಕಾಗಿದೆ. ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ 1999ರಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಊಟಕ್ಕೆ ಮೊದಲು ಕೆಲವು ಮಹಿಳೆಯರಿಗೆ ಕೋಳಿ, ಅನ್ನ ಹಾಕಿ ಬೇಯಿಸಿದ ಗಟ್ಟಿ ಪದಾರ್ಥ, ಇನ್ನೊಮ್ಮೆ ಅದೇ ಪದಾರ್ಥದ ಜೊತೆ ಒಂದು ಲೋಟ ನೀರು, ಮತ್ತೊಮ್ಮೆ ಆ ನೀರನ್ನೂ ಅದರೊಳಗೇ ಹಾಕಿ ಬೇಯಿಸಿದ ಸೂಪು. ಊಟದಲ್ಲಿ ಕಡಿಮೆ ತಿಂದದ್ದು ಸೂಪು ಕುಡಿದ ದಿನ ಮಾತ್ರ. ಪಕ್ಕದಲ್ಲಿ ಕುಡಿದ ನೀರು ಹಾಗೇ ಹರಿದು ಹೋಗುತ್ತದೆ. ಮುದ್ದೆಯಲ್ಲಿರುವ ನೀರನ್ನು ಬೆಂದ ಪಿಷ್ಟ ಹಿಡಿದಿಟ್ಟುಕೊಂಡಿರುತ್ತದೆ, ಅದು ಹಿಟ್ಟಿನ ಜೊತೆಯೇ ಹೊಟ್ಟೆಯಲ್ಲಿ ಕೂರುತ್ತದೆ.

ಇನ್ನು ಅಗಿಯುವ ವಿಚಾರ. ಕರುಳಿನಿಂದ ಸಾಕು ಎಂಬ ಸೂಚನೆ ಹಾರ್ಮೋನುಗಳ ಮೂಲಕ ಬರಬೇಕು, ಅದಕ್ಕೆ ಹೊತ್ತು ಬೇಕು. ಹಾಗಾಗಿ ಎಣಿಸಬೇಕಾದದ್ದು ಹಲ್ಲು ಎಷ್ಟು ಸಲ ಆಡಿತು ಎಂಬುದನ್ನಲ್ಲ, ನಿಮಿಷಕ್ಕೆ ಎಷ್ಟು ಕ್ಯಾಲೊರಿ ಒಳಗೆ ಇಳಿಯಿತು ಎಂಬುದನ್ನು. ಅಗಿಯುವುದು ಆ ವೇಗವನ್ನು ತಗ್ಗಿಸುವ ದಾರಿಗಳಲ್ಲಿ ಒಂದು, ಅಷ್ಟೇ. ಮುದ್ದೆಯಲ್ಲಿ ಆ ಕೆಲಸವನ್ನು ನೀರೂ ಬಿಸಿಯೂ ಮಾಡುತ್ತವೆ. ಬಿಸಿ ಮುದ್ದೆಯನ್ನು ಯಾರೂ ಗಬಗಬನೆ ನುಂಗುವುದಿಲ್ಲ. ಮುರಿಯಬೇಕು, ಉಂಡೆ ಮಾಡಬೇಕು, ಸಾರಿನಲ್ಲಿ ಅದ್ದಬೇಕು, ನಡುವೆ ಸೊಪ್ಪಿನ ಪಲ್ಯ ಬಾಯಿಗಿಡಬೇಕು. ಊಟಕ್ಕೆ 12 ನಿಮಿಷ ಹಿಡಿದರೆ 400 ಕ್ಯಾಲೊರಿ ನಿಮಿಷಕ್ಕೆ 33ರಂತೆ ಇಳಿಯಿತು. ಟೀಯಲ್ಲಿ ಅದ್ದಿದ ಬಿಸ್ಕತ್ತಿಗೆ ಹಲ್ಲೇ ಬೇಡ. ಬಸ್ಸು ಹಿಡಿಯುವ ಅವಸರದಲ್ಲಿ ಐದು ನಿಮಿಷಕ್ಕೆ ಮುಗಿಸಿದರೆ ನಿಮಿಷಕ್ಕೆ 80. ಗಡಿಯಾರ ಇಟ್ಟುಕೊಂಡು ನೀವೇ ನೋಡಿಕೊಳ್ಳಿ, ನನ್ನ ನಿಮಿಷಗಳನ್ನು ನಂಬಬೇಕಾಗಿಲ್ಲ.

ರಾಗಿಯೇ ಪವಾಡ ಎಂದು ಇದರಿಂದ ಅರ್ಥ ಮಾಡಿಕೊಂಡು, ನಾಳೆಯಿಂದ ಸಕ್ಕರೆ ಹಾಕಿದ ರಾಗಿ ಮಾಲ್ಟ್ ಶುರು ಮಾಡಬೇಡಿ. ತೆಳ್ಳಗೆ ಮಾಡಿ ಲೋಟದಲ್ಲಿ ಕುಡಿದರೆ ಅದೇ ರಾಗಿ ಎರಡು ನಿಮಿಷಕ್ಕೆ ಮುಗಿಯುತ್ತದೆ. 1977ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಸೇಬನ್ನು ಹಣ್ಣಾಗಿ, ಅರೆದ ತಿರುಳಾಗಿ, ರಸವಾಗಿ ಸಮ ಪ್ರಮಾಣದ ಸಕ್ಕರೆ ಅಂಶ ಬರುವಂತೆ ಕೊಟ್ಟು ನೋಡಿದ್ದರು. ರಸವನ್ನು ಕುಡಿದದ್ದು ಹಣ್ಣು ತಿಂದದ್ದಕ್ಕಿಂತ 11 ಪಟ್ಟು ಬೇಗ, ಹೊಟ್ಟೆ ತುಂಬಿತು ಅನ್ನಿಸಿದ್ದೂ ರಸದಲ್ಲೇ ಎಲ್ಲಕ್ಕಿಂತ ಕಡಿಮೆ. ಅಲ್ಲಿ ಕಾರ್ಖಾನೆಯ ಯಾವ ಪುಡಿಯೂ ಇರಲಿಲ್ಲ.

ನಿಮ್ಮ ಬೆಳಗಿನ ಓಡಾಟಕ್ಕೆ ಮುದ್ದೆ ತೊಳಸಿ ಎಂದರೆ ಮನೆಯವರು ನನಗೆ ಶಾಪ ಹಾಕುತ್ತಾರೆ. ರಾತ್ರಿಯೇ ತಟ್ಟಿಟ್ಟ ರಾಗಿ ರೊಟ್ಟಿ ಎರಡು, ಹುಚ್ಚೆಳ್ಳು ಚಟ್ನಿ, ಒಂದು ಬೇಯಿಸಿದ ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಒಂದು ಬಟ್ಟಲು ಹೆಸರುಕಾಳಿನ ಉಸ್ಲಿ. ಪ್ರೋಟೀನನ್ನು ಬಿಡಬೇಡಿ. 70 ಗ್ರಾಂ ಬಿಸ್ಕತ್ತಿನಲ್ಲಿ ಅದು ಐದು ಗ್ರಾಂ ಆಸುಪಾಸು ಮಾತ್ರ, ಹಾಲ್ ಅವರ ಪ್ರಯೋಗದಲ್ಲೂ ಜನ ಹೆಚ್ಚಾಗಿ ತಿಂದದ್ದು ಶರ್ಕರಪಿಷ್ಟ, ಕೊಬ್ಬನ್ನೇ ಹೊರತು ಪ್ರೋಟೀನನ್ನಲ್ಲ. ಒಂದು ವಾರ ಹೀಗೆ ಮಾಡಿ ಕ್ಯಾಲೊರಿ ಬದಲು ಒಂದೇ ಸಂಗತಿ ಬರೆದಿಡಿ: ಹಸಿವಾದದ್ದು ಎಷ್ಟು ಹೊತ್ತಿಗೆ. ಹನ್ನೆರಡಕ್ಕೆ ಸರಿದರೆ ದಾರಿ ಸರಿಯಿದೆ. ಹತ್ತಕ್ಕೇ ನಿಂತಿದ್ದರೆ ನಿದ್ದೆ ಎಷ್ಟು, ಹಿಂದಿನ ರಾತ್ರಿ ಉಂಡದ್ದು ಎಷ್ಟು ಎಂದು ನೋಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಬೆಳಗಿನ ತಿಂಡಿಯನ್ನು ತಾವೇ ಬದಲಿಸಬೇಡಿ. ತಿಂಡಿ ಕಡಿಮೆಯಾಗಿ ಔಷಧಿ ಅಷ್ಟೇ ಇದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಈ ವಿಷಯದಲ್ಲಿ ನಾನು ಅಂಜುಬುರುಕಿ, ಹಾಗೇ ಇರುತ್ತೇನೆ.

ಮಿತಿಯನ್ನೂ ಹೇಳಿಬಿಡುತ್ತೇನೆ. ಇಪ್ಪತ್ತೇ ಜನ, ಎರಡೆರಡೇ ವಾರ, ಆಸ್ಪತ್ರೆಯ ಊಟ. 2025ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಎರಡೂ ಬಗೆಯ ಊಟವನ್ನು ಅಲ್ಲಿನ ಸರ್ಕಾರದ ಆಹಾರ ಸಲಹೆಗೆ ಹೊಂದಿಸಿ ಎಂಟು ವಾರ ಕೊಟ್ಟರು. ಅತಿಸಂಸ್ಕರಿತ ಊಟದಲ್ಲೂ ಜನ ಸುಮಾರು ಶೇ 1ರಷ್ಟು ತೂಕ ಇಳಿಸಿದರು. ಕಡಿಮೆ ಸಂಸ್ಕರಿಸಿದ ಊಟದಲ್ಲಿ ಸುಮಾರು ಶೇ 2. ಅಂದರೆ ಪೊಟ್ಟಣದಲ್ಲಿ ಬಂದದ್ದೆಲ್ಲ ವಿಷವಲ್ಲ. ಒಣಗಿದ, ಮೆತ್ತಗಿನ, ಬೇಗ ಕರಗುವ, ಸಕ್ಕರೆ ಕೊಬ್ಬು ಎರಡೂ ತುಂಬಿದ ಪದಾರ್ಥಗಳ ಮೇಲೆ ಮೊದಲು ಕಣ್ಣಿಡಿ.

ಪ್ರಶ್ನೆ: ಪ್ಯಾಕೆಟ್ ಹಾಲು, ಮೊಸರು ಕೂಡ ಅತಿಸಂಸ್ಕರಿತವೇ?

ಉತ್ತರ: ಅಲ್ಲ. ಕಾಯಿಸಿದ ಹಾಲು, ಹೆಪ್ಪು ಹಾಕಿದ ಮೊಸರು. ಬಣ್ಣ, ಸುವಾಸನೆ, ಸಕ್ಕರೆ ಬೆರೆಸಿ ಮಾರುವ ಮೊಸರಿನ ಮಾತು ಬೇರೆ.

ಪ್ರಶ್ನೆ: ಮನೆಯಲ್ಲಿ ಮಾಡಿದ ಮೈಸೂರು ಪಾಕ್ ಅತಿಸಂಸ್ಕರಿತ ಅಲ್ಲವಾದ್ದರಿಂದ ತೊಂದರೆ ಇಲ್ಲ ತಾನೇ?

ಉತ್ತರ: ಕಡಲೆಹಿಟ್ಟು, ತುಪ್ಪ, ಸಕ್ಕರೆ, ಅತಿಸಂಸ್ಕರಿತ ಖಂಡಿತ ಅಲ್ಲ. ಬಾಯಲ್ಲಿ ಕರಗುವುದಕ್ಕೆಂದೇ ಮಾಡಿದ್ದು, ನೀರಿನ ಅಂಶ ಇಲ್ಲವೆನ್ನುವಷ್ಟು. ಮೇಲಿನ ಉತ್ತರ ಓದಿದ ಮೇಲೂ ಈ ಪ್ರಶ್ನೆ ಉಳಿದರೆ ಇನ್ನೊಮ್ಮೆ ಓದಿ.

ಪ್ರಶ್ನೆ: ನಾರು ಸೇರಿಸಿದ ಡಯಟ್ ಬಿಸ್ಕತ್ತಿಗೆ ಬದಲಾಯಿಸಿದರೆ ಹಸಿವು ನಿಲ್ಲುತ್ತದೆಯೇ?

ಉತ್ತರ: ನೂರು ಗ್ರಾಂಗೆ ಎಷ್ಟು ಕ್ಯಾಲೊರಿ ಎಂದು ಎರಡೂ ಪೊಟ್ಟಣದ ಹಿಂದೆ ಓದಿ ಹೋಲಿಸಿ. ಹೆಚ್ಚಿನವುಗಳಲ್ಲಿ ವ್ಯತ್ಯಾಸ ಬೆಲೆಯಲ್ಲೇ ದೊಡ್ಡದು.

ಪ್ರಶ್ನೆ: ಕುಕ್ಕರಹಳ್ಳಿ ಕೆರೆಯ ವಾಕಿಂಗಿನಲ್ಲಿ ಪರಿಚಯವಾದವರು ಒಂದು ಶೇಕ್ ಪುಡಿ ಕೊಡುತ್ತಾರೆ. ಬೆಳಗಿನ ತಿಂಡಿ ಬದಲು ಕುಡಿದರೆ ಸಂಜೆವರೆಗೆ ಹಸಿವಿಲ್ಲವಂತೆ. ತೆಗೆದುಕೊಳ್ಳಲೇ?

ಉತ್ತರ: ಬೇಡ. ಬರೀ ಹಾಲಿನ ಪುಡಿ, ಸೋಯಾ ಪುಡಿ, ಸಿಹಿಕಾರಕ ಇದ್ದರೆ ಅದು ಸಂಜೆವರೆಗೆ ತಡೆಯುವುದಿಲ್ಲ. ನಿಜವಾಗಿ ತಡೆದರೆ, ಡಬ್ಬಿಯ ಮೇಲೆ ಬರೆಯದ ಔಷಧಿ ಒಳಗೆ ಏನಿದೆ ಎಂಬ ಅನುಮಾನ ಬರಬೇಕು. ಪದಾರ್ಥಗಳ ಪಟ್ಟಿ, ತಯಾರಕರ ವಿಳಾಸ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇಲ್ಲದ ಡಬ್ಬಿಯನ್ನು ಕೈಯಲ್ಲೂ ಹಿಡಿಯಬೇಡಿ. ಈಗಾಗಲೇ ಕುಡಿಯುತ್ತಿದ್ದು ಎದೆ ಬಡಿತ ಹೆಚ್ಚಾಗಿದ್ದರೆ ನನಗೆ ಪತ್ರ ಬರೆಯುತ್ತಾ ಕೂರಬೇಡಿ, ಡಬ್ಬಿ ಸಮೇತ ವೈದ್ಯರ ಹತ್ತಿರ ಹೋಗಿ.